ಬುಡದಲ್ಲಿ ಬಣ್ಣ ಯಾಕೆ ಹಿಡಿಯಲಿಲ್ಲ?

ತಲೆಗೂದಲಿಗೆ ಬಣ್ಣ ಹಚ್ಚುವವರು ಪಾರ್ಲರಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಳ್ಳುವ ದೂರು ಒಂದಿದೆ: "ಹಿಂದೆಲ್ಲ ಚೆನ್ನಾಗಿ ಬಂದಿದೆ, ಬೈತಲೆ ಹತ್ತಿರ ಮಾತ್ರ ಕಲರ್ ಹಿಡಿದೇ ಇಲ್ಲ ನೋಡಿ." ಆಮೇಲೆ ಬೈಸಿಕೊಳ್ಳುವುದು ಡೈ ಡಬ್ಬಿ. ಅಮೋನಿಯಾ ಇಲ್ಲದ್ದಕ್ಕೆ ಹೀಗಾಯಿತು ಎನ್ನುತ್ತಾರೆ, ಕಂಪನಿ ಬದಲಿಸಿ ಎನ್ನುತ್ತಾರೆ, ವಯಸ್ಸಾದ ಮೇಲೆ ಕೂದಲೇ ಮೊಂಡಾಗುತ್ತದೆ ಎನ್ನುವವರೂ ಇದ್ದಾರೆ. ಬಣ್ಣ ಹಚ್ಚುವ ಹೊತ್ತಿಗೆ ಆ ಕೂದಲ ಮೇಲೆ ಏನಿತ್ತು ಎಂದು ಕೇಳುವವರು ಕಡಿಮೆ.

ನನಗೆ ಪರಿಚಯವಿರುವ ಒಂದು ಪಾರ್ಲರಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಶನಿವಾರ ಸಂಜೆ ಟಚಪ್‌ಗೆ ಬಂದರು. ನಲವತ್ತು ದಾಟಿದ ವಯಸ್ಸು, ಭುಜದವರೆಗಿನ ಕೂದಲು, ಬೈತಲೆಯಲ್ಲೂ ಹಣೆಯ ಅಂಚಿನಲ್ಲೂ ನರೆ. ಗಾಢ ಕಂದು ಬಣ್ಣದ ಕ್ರೀಮಿಗೆ 20 ವಾಲ್ಯೂಮಿನ, ಅಂದರೆ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಇರುವ ಡೆವಲಪರ್ ಕಲಸಿ ಹಚ್ಚಿ, 35 ನಿಮಿಷ ಬಿಟ್ಟು ತೊಳೆದರು. ತಲೆಯ ಹಿಂಭಾಗದಲ್ಲಿ ಬಣ್ಣ ಚೆನ್ನಾಗಿಯೇ ಕೂತಿತ್ತು. ಬೈತಲೆಯ ಎರಡೂ ಕಡೆ ಒಂದು ಬೆರಳಗಲ ಮಾತ್ರ ನರೆಯೂ ಅಲ್ಲದ, ಕಂದೂ ಅಲ್ಲದ ಹೊಗೆ ಬಣ್ಣ. ಪಾರ್ಲರಿನಾಕೆ ಅಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ಬಣ್ಣದ ನಂತರದ ತೊಳೆತ ಮುಗಿದಿದ್ದರೂ ಉಗುರಿನ ಸಂದಿಗೆ ಮೇಣದಂಥ ಬೂದು ಪದರ ಬಂತು. "ವಾರದಲ್ಲಿ ತಲೆಗೆ ಏನೇನು ಹಾಕ್ತೀರಾ ಮೇಡಂ?" ಎಂದು ಕೇಳಿದಾಗ ವಿಷಯ ಹೊರಬಿತ್ತು. ತಲೆಸ್ನಾನ ಭಾನುವಾರ ಮಾತ್ರ. ಬುಧವಾರದಿಂದ ಆಚೆಗೆ ಜಿಡ್ಡು ಕಾಣದಿರಲೆಂದು ಬುಡಕ್ಕೆ ಡ್ರೈ ಶಾಂಪೂ. ನರೆ ಕಾಣದಿರಲೆಂದು ದಿನಾ ಬೆಳಿಗ್ಗೆ ಬೈತಲೆಗೆ ಲಿಪ್‌ಸ್ಟಿಕ್‌ನಂತೆ ತಿರುಗಿಸಿ ಹಚ್ಚುವ ಕಪ್ಪು ಕಡ್ಡಿ. ಹೊಳಪಿಗೆ ಉದ್ದಕ್ಕೂ ಸೀರಂ.

ಅಂದರೆ ಬಣ್ಣ ಎಲ್ಲಿ ಬೇಕಿತ್ತೋ ಸರಿಯಾಗಿ ಅಲ್ಲಿಯೇ ವಾರವಿಡೀ ಅಡ್ಡಗೋಡೆ ಎದ್ದಿತ್ತು. ಆ ಕಡ್ಡಿಯಲ್ಲಿರುವುದು ಮುಖ್ಯವಾಗಿ ಮೇಣ ಮತ್ತು ಬಣ್ಣದ ಪುಡಿ. ಡ್ರೈ ಶಾಂಪೂವಿನಲ್ಲಿರುವುದು ಅಕ್ಕಿ ಅಥವಾ ಮರಗೆಣಸಿನ ಹಿಟ್ಟಿನಂಥ ಸ್ಟಾರ್ಚ್. ಅದು ನೆತ್ತಿಯ ಜಿಡ್ಡನ್ನು ಹೀರಿ ಕೂದಲನ್ನು ಹಗುರ ಮಾಡುತ್ತದೆಯೇ ಹೊರತು ಜಿಡ್ಡನ್ನು ತಲೆಯಿಂದ ಆಚೆ ಕಳಿಸುವುದಿಲ್ಲ. ಬಾಚಿದಾಗ ಸ್ವಲ್ಪ ಉದುರುತ್ತದೆ, ಉಳಿದದ್ದು ಬೆವರು ಮತ್ತು ಜಿಡ್ಡಿನೊಂದಿಗೆ ಸೇರಿ ಬುಡದಲ್ಲಿ ಅಂಟಿನಂತೆ ಕೂರುತ್ತದೆ. ಹೆಸರಿನಲ್ಲಿ ಶಾಂಪೂ ಇದೆ ಎಂಬ ಕಾರಣಕ್ಕೆ ಅದನ್ನು ಹಾಕಿದ ದಿನವನ್ನು ತಲೆ ತೊಳೆದ ದಿನವೆಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ!

ಈ ಪದರ ಬಣ್ಣವನ್ನು ಹೇಗೆ ತಡೆಯುತ್ತದೆ ಎಂಬುದು ತಿಳಿಯಬೇಕಾದರೆ ಡೈ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಕ್ರೀಮಿನಲ್ಲಿರುವ ಅಮೋನಿಯಾ ಅಥವಾ ಅದರ ಬದಲಿಗೆ ಹಾಕಿದ ಇನ್ನೊಂದು ಕ್ಷಾರ ಕೂದಲನ್ನು ಉಬ್ಬಿಸಿ, ಅದರ ಹೊರಗಿನ ಹುರುಪೆಗಳನ್ನು ಸಡಿಲಿಸುತ್ತದೆ. ಆ ಸಂದಿಯಿಂದ ಬಣ್ಣದ ಸಣ್ಣ ಅಣುಗಳು ಒಳಗೆ ಹೋಗುತ್ತವೆ. ಪೆರಾಕ್ಸೈಡ್ ಸೇರಿದಾಗ ಅವು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ, ಮತ್ತೆ ಸುಲಭಕ್ಕೆ ಹೊರಬರಲಾರವು. ಈ ಕೂಡುವಿಕೆ ಕೂದಲೊಳಗೆ ಮಾತ್ರ ನಡೆಯುವುದಿಲ್ಲ, ಬಟ್ಟಲಿನಲ್ಲಿ ಕಲಸಿದ ಕ್ಷಣದಿಂದ ಎಲ್ಲ ಕಡೆಯೂ ನಡೆಯುತ್ತಿರುತ್ತದೆ. ಕಲಸಿಟ್ಟ ಡೈ ಕಪ್ಪಗಾಗುವುದು ಅದಕ್ಕೇ. ಹೊರಗೇ ದೊಡ್ಡದಾದ ಅಣು ಒಳಗೆ ಹೋಗಲಾರದು. ಹಾಗಾಗಿ ಮೇಣದ ಪದರ ಬಣ್ಣವನ್ನು ಪೂರ್ತಿ ತಡೆಯಬೇಕೆಂದೇನೂ ಇಲ್ಲ, ಹತ್ತು ಹದಿನೈದು ನಿಮಿಷ ತಡಮಾಡಿಸಿದರೂ ಸಾಕು. ಡೈ ಕೂದಲನ್ನು ಮುಟ್ಟುವ ಹೊತ್ತಿಗೆ ಅದರ ಕಸುವು ಇಳಿದಿರುತ್ತದೆ. ಹೊಗೆ ಬಣ್ಣ ಬರುವುದು ಹೀಗೆ.

ಸೀರಮ್ಮಿನ ಸಿಲಿಕೋನ್ ವಿಷಯದಲ್ಲಿ ಮಾತ್ರ ಹೆದರಿಕೆ ಸ್ವಲ್ಪ ಅತಿಯಾಗಿದೆ ಎಂದು ನನ್ನ ಅಭಿಪ್ರಾಯ. ಒಂದೆರಡು ಹನಿ ಸೀರಮ್ಮಿನ ತೆಳು ಪದರವನ್ನು ಕ್ಷಾರವಿರುವ ಡೈ ಬಹುಮಟ್ಟಿಗೆ ದಾಟಿಕೊಂಡು ಹೋಗುತ್ತದೆ. ಸೀರಮ್ಮಿನಲ್ಲಿ ಹೆಚ್ಚಾಗಿ ಬಳಸುವ ಸೈಕ್ಲೋಪೆಂಟಾಸಿಲಾಕ್ಸೇನ್ ಹಚ್ಚಿದ ಮೇಲೆ ಆವಿಯಾಗಿಯೇ ಹೋಗುತ್ತದೆ. ಉಳಿಯುವುದು ಅದರ ಜೊತೆಗಿರುವ ಡೈಮೆಥಿಕೋನ್, ಡೈಮೆಥಿಕೊನಾಲ್. ಕಂಡೀಷನರುಗಳಲ್ಲಿರುವ ಅಮೋಡೈಮೆಥಿಕೋನ್ ಹೆಚ್ಚು ಹಟಮಾರಿ. ಅದು ಹಾಳಾದ ಕೂದಲನ್ನೇ, ಅಂದರೆ ಹಿಂದೆ ಬಣ್ಣ ಹಚ್ಚಿದ ತುದಿಗಳನ್ನೇ ಹುಡುಕಿಕೊಂಡು ಅಂಟುತ್ತದೆ. ತಿಂಗಳುಗಟ್ಟಲೆ ಹೀಗೆ ಅಲ್ಲಲ್ಲಿ ದಪ್ಪಗೆ ಕೂತರೆ ಬಣ್ಣ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳುವಾಗಿ ಬರುತ್ತದೆ. ಡೆವಲಪರ್ ಇಲ್ಲದೆ ಹಚ್ಚುವ ನೀಲಿ, ಗುಲಾಬಿಯಂಥ ಫ್ಯಾಷನ್ ಬಣ್ಣಗಳಿಗೂ ಮೆಹೆಂದಿಗೂ ತೊಂದರೆ ಇನ್ನೂ ಹೆಚ್ಚು. ಹುರುಪೆ ಸಡಿಲಿಸುವ ಕ್ಷಾರ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಣ್ಣೆ ಹತ್ತಿದ ಗೋಡೆಗೆ ಸುಣ್ಣ ಬಳಿದಂತಾಗುತ್ತದೆ.

"ನಿನ್ನೆಯಷ್ಟೇ ತಲೆಸ್ನಾನ ಮಾಡಿದ್ದೇನಲ್ಲ" ಎನ್ನಬಹುದು. ಯಾವ ಶಾಂಪೂ ಎಂಬುದು ಮುಖ್ಯ. ಕೂದಲು ರೇಷ್ಮೆಯಂತಾಗುತ್ತದೆ ಎಂದು ಹೇಳಿಕೊಳ್ಳುವ ಬಹಳಷ್ಟು ಶಾಂಪೂಗಳು ತೊಳೆಯುವಾಗಲೇ ಸಿಲಿಕೋನನ್ನು ಕೂದಲ ಮೇಲೆ ಬಿಟ್ಟು ಹೋಗುವಂತೆ ತಯಾರಾದವು. ಕ್ಲಾರಿಫೈಯಿಂಗ್ ಶಾಂಪೂ ಬೇರೆಯಾಗುವುದು ಇಲ್ಲಿಯೇ. ಅದರಲ್ಲಿ ಸೋಡಿಯಂ ಲಾರೆತ್ ಸಲ್ಫೇಟ್ ಅಥವಾ ಓಲಿಫಿನ್ ಸಲ್ಫೋನೇಟ್‌ನಂಥ ಗಟ್ಟಿ ನೊರೆಕಾರಕ ಇರುತ್ತದೆ, ಹಿಂದೆ ಬಿಟ್ಟುಹೋಗುವ ಪದಾರ್ಥ ಇರುವುದಿಲ್ಲ. ಬಾಟಲಿಯ ಹಿಂಬದಿ ಓದಿ: 'ಕೋನ್', 'ಕೊನಾಲ್', 'ಸಿಲಾಕ್ಸೇನ್' ಎಂದು ಮುಗಿಯುವ ಹೆಸರಾಗಲಿ, 'ಪಾಲಿಕ್ವಾಟರ್ನಿಯಂ' ಎಂದು ಶುರುವಾಗುವ ಹೆಸರಾಗಲಿ ಇದ್ದರೆ ಅದು ಈ ಕೆಲಸಕ್ಕಲ್ಲ. ಮನೆಗೆ ಬೋರ್‌ವೆಲ್ ನೀರು ಬರುವವರು ಇಡಿಟಿಎ ಇರುವುದನ್ನು ಆರಿಸಿಕೊಂಡರೆ ಒಳ್ಳೆಯದು, ಗಡಸು ನೀರಿನ ಸುಣ್ಣದಂಶವನ್ನು ಅದು ಹಿಡಿದುಕೊಂಡು ಹೋಗುತ್ತದೆ. ಸೀಗೆಕಾಯಿ ಎಣ್ಣೆ ತೆಗೆಯುವುದರಲ್ಲಿ ಎತ್ತಿದ ಕೈ, ಆದರೆ ಮೇಣ ಮತ್ತು ಸಿಲಿಕೋನಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸರಿಯಾಗಿ ತೊಳೆಯದಿದ್ದರೆ ಅದರ ಪುಡಿಯೇ ಬುಡದಲ್ಲಿ ಉಳಿಯುತ್ತದೆ. ಅಡುಗೆ ಸೋಡಾ ಉಜ್ಜುವುದನ್ನಂತೂ ಬಿಡಿ: ಸಿಲಿಕೋನ್ ಕರಗುವುದಿಲ್ಲ, ನೆತ್ತಿ ಉರಿಯುತ್ತದೆ.

ಪದರ ಇದೆಯೋ ಇಲ್ಲವೋ ತಿಳಿಯಲು ಒಂದು ಹನಿ ನೀರು ಬಿಟ್ಟು ನೋಡಿ, ಜಾರಿದರೆ ಸಿಲಿಕೋನ್ ಇದೆ ಎಂದು ಹಲವರು ಹೇಳುತ್ತಾರೆ. ಬುಡದ ಮಟ್ಟಿಗೆ ಈ ಪರೀಕ್ಷೆಯನ್ನು ನಂಬಬೇಡಿ. ಹೊಸದಾಗಿ ಬೆಳೆದ ಕೂದಲಿನ ಮೇಲೆ ಹುಟ್ಟಿನಿಂದಲೇ ಕೊಬ್ಬಿನ ಒಂದು ಸೂಕ್ಷ್ಮ ಪದರವಿರುತ್ತದೆ, ಎಷ್ಟು ಶುದ್ಧವಿದ್ದರೂ ಅಲ್ಲಿ ನೀರು ಜಾರುತ್ತದೆ. ಉಗುರಿನ ಪರೀಕ್ಷೆಯೇ ವಾಸಿ. ಅದಕ್ಕಿಂತ ಖಚಿತವಾದದ್ದು ನೊರೆ: ಮೊದಲ ಸಲ ಶಾಂಪೂ ಹಾಕಿದಾಗ ನೊರೆ ಬಾರದೆ ಸತ್ತುಹೋದರೆ, ಶಾಂಪೂವಿನ ಶಕ್ತಿಯೆಲ್ಲ ಕೊಳೆಗೇ ಖರ್ಚಾಗಿದೆ ಎಂದರ್ಥ.

ತೊಳೆಯುವುದು ಬಣ್ಣ ಹಚ್ಚುವ ಹಿಂದಿನ ದಿನ. ಅದೇ ದಿನ ಬೇಡ, ಯಾಕೆಂದರೆ ಆಗತಾನೆ ಉಜ್ಜಿದ ನೆತ್ತಿಗೆ ಪೆರಾಕ್ಸೈಡ್ ತಗುಲಿದರೆ ಚುರುಗುಟ್ಟುತ್ತದೆ. ಬಣ್ಣಕ್ಕೆ ಮೊದಲು ತಲೆ ತೊಳೆಯಬಾರದು ಎಂಬ ಹಳೆಯ ಸಲಹೆಯ ಹಿಂದಿರುವುದು ಇದೇ ಕಾಳಜಿ. ಒಂದು ದಿನದ ಸಹಜ ಜಿಡ್ಡು ನೆತ್ತಿಯನ್ನು ಕಾಯುತ್ತದೆ, ಬಣ್ಣಕ್ಕೆ ಅಡ್ಡಿಯಾಗುವುದಿಲ್ಲ. ಆ ಸಲಹೆಯನ್ನೇ ಎಳೆದು ನಾಲ್ಕು ದಿನದ ಡ್ರೈ ಶಾಂಪೂಗೆ ಅನ್ವಯಿಸಿದ್ದು ನಮ್ಮ ಕಾಲದ ತಪ್ಪು.

ಕೂದಲು ಒಣಗಿರುವಾಗಲೇ ಚೆನ್ನಾಗಿ ಬಾಚಿ ಪುಡಿಯನ್ನು ಉದುರಿಸಿ. ನೀರು ಬಿದ್ದ ಮೇಲೆ ಸ್ಟಾರ್ಚ್ ಇನ್ನಷ್ಟು ಅಂಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನೆನೆಸಿ. ಭುಜದವರೆಗಿನ ಕೂದಲಿಗೆ ಎರಡು ಮೂರು ಚಮಚ ಶಾಂಪೂ ಸಾಕು, ಅದರಲ್ಲಿ ಅರ್ಧವನ್ನು ಅಂಗೈಯಲ್ಲಿ ನೀರು ಬೆರೆಸಿ ಮೊದಲು ಬೈತಲೆಗೆ, ಹಣೆಯ ಅಂಚಿಗೆ, ಕಿವಿಯ ಮುಂದಕ್ಕೆ ಹಾಕಿ ಬೆರಳ ತುದಿಯಿಂದ ತಿಕ್ಕಿ. ಉಗುರು ತಾಗಿಸಬೇಡಿ. ತೊಳೆದು, ಉಳಿದರ್ಧವನ್ನು ಮತ್ತೆ ಹಾಕಿ. ಈ ಸಲ ನೊರೆ ತುಂಬಿಕೊಂಡು ಬರಬೇಕು. ಬಂದರೆ ಆ ನೊರೆಯನ್ನು ತುದಿಯವರೆಗೆ ಎಳೆದು ಎರಡು ನಿಮಿಷ ಬಿಟ್ಟು, ಚೆನ್ನಾಗಿ ಜಾಲಿಸಿ. ಬಾರದಿದ್ದರೆ ಮೂರನೆಯ ಸಲ, ಬುಡಕ್ಕೆ ಮಾತ್ರ. ತಲೆತುಂಬ ಕೊಬ್ಬರಿ ಎಣ್ಣೆ ಇದ್ದವರು ನೀರು ಸೋಕಿಸುವ ಮೊದಲೇ ಒಂದಿಷ್ಟು ಶಾಂಪೂವನ್ನು ಎಣ್ಣೆಗೂದಲಿಗೆ ಸವರಿಕೊಂಡರೆ ಕೆಲಸ ಬೇಗ ಆಗುತ್ತದೆ. ಆಮೇಲೆ ಕಂಡೀಷನರ್ ಬೇಡ, ಸೀರಂ ಬೇಡ. ಕೂದಲು ಒರಟಾಗಿ, ಸಿಕ್ಕು ಸಿಕ್ಕಾಗಿ ಅನಿಸುತ್ತದೆ. ಬಣ್ಣದ ದಿನಕ್ಕೆ ಅದು ಹಾಗೆಯೇ ಇರಬೇಕು.

ಬ್ಯಾಂಕಿನ ಆ ಮಹಿಳೆಗೆ ಪಾರ್ಲರಿನಾಕೆ ಅದೇ ಸಂಜೆ ಎರಡನೆಯ ಸಲ ಹಚ್ಚಲು ಒಪ್ಪಲಿಲ್ಲ, ನೆತ್ತಿ ಆಗಲೇ ಕೆಂಪಾಗಿತ್ತು. ಮುಂದಿನ ಶುಕ್ರವಾರ ರಾತ್ರಿ ಮನೆಯಲ್ಲಿ ಹೀಗೆ ತೊಳೆದು, ಶನಿವಾರ ಕಡ್ಡಿ, ಪುಡಿ ಏನೂ ಸೋಕಿಸದೆ ಬರಲು ಹೇಳಿದರು. ಮೊದಲ ನೊರೆ ಸತ್ತಿತ್ತು, ಎರಡನೆಯದು ತುಂಬಿತ್ತು ಎಂದು ಆಕೆಯೇ ಬಂದು ಹೇಳಿದರು. ಅದೇ ಬಣ್ಣ, ಅದೇ ಡೆವಲಪರ್, ಅದೇ 35 ನಿಮಿಷ. ಈ ಸಲ ಹಚ್ಚಿದ್ದು ಬೈತಲೆಗೂ ಹಣೆಯ ಅಂಚಿಗೂ ಮಾತ್ರ. ಬೈತಲೆ ಪೂರ್ತಿ ಸರಿಹೋಯಿತು. ಕಿವಿಯ ಮುಂದಿನ ದಪ್ಪ ಬಿಳಿ ಎಳೆಗಳು ಒಂದಿಷ್ಟು ಆಗಲೂ ಹಿಡಿಯಲಿಲ್ಲ. ಅದು ಪದರದ ದೋಷವಲ್ಲ, ಕೆಲವರ ನರೆಯ ಸ್ವಭಾವವೇ ಹಾಗೆ. ಅದಕ್ಕೆ ಬೇರೆ ಶೇಡು, ಬೇರೆ ಹೊತ್ತು ಬೇಕಾಗುತ್ತದೆ, ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ನೆತ್ತಿಯಲ್ಲಿ ಗಾಯ, ಕಜ್ಜಿ ಇದ್ದವರು ಮೊದಲು ಅದನ್ನು ವಾಸಿ ಮಾಡಿಕೊಳ್ಳಬೇಕು. ಅಲರ್ಜಿ ಪರೀಕ್ಷೆಗೆ ಡೈಯನ್ನು ಚರ್ಮಕ್ಕೆ ಹಚ್ಚಿ 48 ಗಂಟೆ ನೋಡುವುದನ್ನು ಈ ತೊಳೆತ ತಪ್ಪಿಸುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಆ ಬಾಟಲಿಯನ್ನು ಎತ್ತಿಟ್ಟುಬಿಡಿ. ಕೊಳೆಯ ಜೊತೆಗೆ ಅದು ಹೊಸ ಬಣ್ಣವನ್ನೂ ಬೇಗ ಮಾಸಿಸುತ್ತದೆ, ಮುಂದಿನ ಟಚಪ್‌ನ ಹಿಂದಿನ ದಿನದವರೆಗೆ ಅದರ ಅಗತ್ಯವಿಲ್ಲ.