ಅರಳದೆ ಉದುರುವ ಮೊಗ್ಗು: ಮೊದಲು ಒಡೆದು ನೋಡಿ, ಆಮೇಲೆ ಫೋಟೋ ತೆಗೆಯಿರಿ

ನಮ್ಮದು ಹಿರಿಯೂರು ಕಡೆಯ ಕೆಮ್ಮಣ್ಣಿನ ಹೊಲ. ಮಳೆ ಬಂದರೆ ಶೇಂಗಾ, ತೊಗರಿ. ಬಾರದಿದ್ದರೆ ಏನೂ ಇಲ್ಲ. ಬೋರಿನಲ್ಲಿ ಒಂದಿಷ್ಟು ನೀರು ಇರುವುದರಿಂದ ಹತ್ತು ಗುಂಟೆಯಲ್ಲಿ ದುಂಡು ಮಲ್ಲಿಗೆ ಹಾಕಿದ್ದೇನೆ. ಬೇಸಿಗೆಯಲ್ಲಿ ದಿನಾ ಕೈಗೆ ನಾಲ್ಕು ಕಾಸು ಸಿಗುವುದು ಇದರಿಂದಲೇ. ಬೇಲಿಯ ಸಾಲಿಗೆ ದಾಸವಾಳವಿದೆ. ಅದು ದೇವರ ಪೂಜೆಗೆ, ಮಾರುವುದಕ್ಕಲ್ಲ.

2024ರ ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕು ಕಿಲೋ ಬರುತ್ತಿದ್ದ ಮೊಗ್ಗು ಎರಡೇ ವಾರದಲ್ಲಿ ಒಂದೂವರೆ ಕಿಲೋಗೆ ಇಳಿಯಿತು. ಗಿಡದ ಬುಡದಲ್ಲಿ ನೋಡಿದರೆ ಮೊಗ್ಗು ಚೆಲ್ಲಿದಂತೆ ಬಿದ್ದಿರುತ್ತಿತ್ತು. ದಾಸವಾಳವೂ ಹಾಗೇ, ಬೆರಳುದ್ದ ಮೊಗ್ಗು ಹಳದಿಯಾಗಿ ಕಳಚಿ ಬೀಳುತ್ತಿತ್ತು. ಮೋಟಾರಿನ ಸಾಲದ ಕಂತು ಕಟ್ಟುವ ತಿಂಗಳು ಅದು. ಬಿಸಿಲಿಗೆ ನೀರು ಸಾಲದು ಅಂದುಕೊಂಡು ಮೂರು ದಿನಕ್ಕೊಮ್ಮೆ ಕೊಡುತ್ತಿದ್ದ ನೀರನ್ನು ದಿನಾ ಕೊಟ್ಟೆ. ಉದುರುವುದು ನಿಲ್ಲಲಿಲ್ಲ. ಅಂಗಡಿಯವರು ಕೊಟ್ಟ ಔಷಧಿ ಎರಡು ಸಲ ಹೊಡೆದೆ. ಆಗಲೂ ಇಲ್ಲ. ಗಿಡ ಕಿತ್ತು ಹಾಕೋಣ ಅಂತ ಮನೆಯಲ್ಲಿ ಮಾತೂ ಆಯಿತು.

ತಂಗಿಯ ಮಗ ಮೊಬೈಲಿನಲ್ಲಿ ಗಿಡದ ಫೋಟೋ, ನೆಲದ ಮೇಲಿನ ಮೊಗ್ಗಿನ ಫೋಟೋ ತೆಗೆದು ಪರಿಚಯದ ಒಬ್ಬ ತೋಟಗಾರಿಕೆ ಅಧಿಕಾರಿಗೆ ಕಳಿಸಿದ. ಅವರು ಫೋನ್ ಮಾಡಿ ಹೇಳಿದರು: "ಯಜಮಾನ್ರೆ, ಈ ಫೋಟೋದಲ್ಲಿ ನನಗೆ ಕಾಣೋದು ಮೊಗ್ಗು ಬಿದ್ದಿದೆ ಅನ್ನೋದಷ್ಟೆ. ಅದು ನಿಮಗೂ ಗೊತ್ತು. ಯಾಕೆ ಬಿತ್ತು ಅನ್ನೋದು ಮೊಗ್ಗಿನ ಒಳಗೆ ಇರುತ್ತೆ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಕಳಿಸಿ."

ಹೇಗೆ ತೆಗೆಯಬೇಕು ಅಂತಲೂ ಅವರೇ ಹೇಳಿಕೊಟ್ಟರು. ಬೆಳಿಗ್ಗೆ ಹೊತ್ತು ನೆರಳಿನಲ್ಲಿ ತೆಗೆಯಬೇಕು, ಮಧ್ಯಾಹ್ನದ ಬಿಸಿಲಿಗೆ ಬಿಳಿ ಮೊಗ್ಗು ಬರೀ ಹೊಳೆಯುತ್ತದೆ. ಸೀಳಿದ ಮೊಗ್ಗನ್ನು ಕಪ್ಪು ಬಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಬೇಕು, ಆಗ ಹುಳದ ಅಳತೆ ತಿಳಿಯುತ್ತದೆ. ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಮಸುಕಾಗುತ್ತದೆ. ಒಂದು ಗೇಣು ದೂರ ಹಿಡಿದು ಆಮೇಲೆ ದೊಡ್ಡದು ಮಾಡಿ ನೋಡಬೇಕು. ಒಟ್ಟು ನಾಲ್ಕು ಫೋಟೋ ಸಾಕು: ಇಡೀ ಗಿಡ, ಗಿಡದಲ್ಲೇ ಇರುವ ಕೆಟ್ಟ ಮೊಗ್ಗು, ಮೊಗ್ಗು ಕಳಚಿದ ತೊಟ್ಟು, ಸೀಳಿದ ಮೊಗ್ಗು.

ನಾನು ಎರಡು ಕಡೆಯಿಂದ ಇಪ್ಪತ್ತಿಪ್ಪತ್ತು ಮೊಗ್ಗು ಆರಿಸಿದೆ. ಬೋರಿನ ಹತ್ತಿರದ, ನೀರು ಚೆನ್ನಾಗಿ ಸಿಗುವ ಸಾಲಿನಿಂದ ಇಪ್ಪತ್ತು. ನೀರು ಸರಿಯಾಗಿ ಮುಟ್ಟದ ಕೊನೆಯ ಎರಡು ಸಾಲಿನಿಂದ ಇಪ್ಪತ್ತು.

ಕೊನೆಯ ಸಾಲಿನ ಮೊಗ್ಗು ಸೀಳಿದರೆ ಹದಿನೇಳರಲ್ಲಿ ಒಳಗೆ ಏನೂ ಇಲ್ಲ. ಎಸಳು ಸ್ವಚ್ಛವಾಗಿದ್ದು ಸ್ವಲ್ಪ ಬಾಡಿದೆ. ತೊಟ್ಟು ಹಳದಿಯಾಗಿ ನಯವಾಗಿ ಕಳಚಿದೆ. ಇಡೀ ಗಿಡದ ಫೋಟೋದಲ್ಲಿ ಕೆಳಗಿನ ಎಲೆಯೂ ಹಳದಿ. ಇದು ನೀರಿನ ತೊಂದರೆ. ಒಣಗಿಸಿ ಒಣಗಿಸಿ ಒಮ್ಮೆಲೇ ತುಂಬಾ ನೀರು ಬಿಟ್ಟರೂ ಗಿಡ ಹೀಗೇ ಮೊಗ್ಗು ಬಿಡುತ್ತದೆ.

ಬೋರಿನ ಹತ್ತಿರದ ಮೊಗ್ಗು ಬೇರೆಯೇ. ಬುಡ ಊದಿಕೊಂಡು ನಸುಗೆಂಪು, ನೇರಳೆ ಬಣ್ಣಕ್ಕೆ ತಿರುಗಿತ್ತು. ಇಪ್ಪತ್ತರಲ್ಲಿ ಹದಿನಾಲ್ಕರ ಒಳಗೆ ಎಳ್ಳಿಗಿಂತ ಸಣ್ಣ, ಕೆನೆ ಬಣ್ಣದ ಹುಳ, ಕಾಲಿಲ್ಲದ್ದು. ಬಟ್ಟೆಯ ಮೇಲೆ ಬಿದ್ದ ಒಂದೆರಡು ಮೈ ಬಗ್ಗಿಸಿ ಟಣ್ಣನೆ ಹಾರಿದವು. ದಾಸವಾಳದ ಮೊಗ್ಗು ಸೀಳಿದರೆ ಅಲ್ಲೂ ಅದೇ ಹುಳ. ಅಧಿಕಾರಿಗಳು ನೋಡಿ, "ಇದು ಬ್ಲಾಸಮ್ ಮಿಡ್ಜ್, ಮಲ್ಲಿಗೆಗೂ ದಾಸವಾಳಕ್ಕೂ ಎರಡಕ್ಕೂ ಬರುತ್ತೆ" ಅಂದರು. ಶಾಸ್ತ್ರದ ಹೆಸರು ಕಾಂಟರೀನಿಯಾ ಮ್ಯಾಕ್ಯುಲಿಪೆನ್ನಿಸ್. ಸೊಳ್ಳೆಗಿಂತ ಸಣ್ಣ ನೊಣ ಅದು.

ಮೊಗ್ಗು ಕೊರೆಯುವ ಇನ್ನೊಂದು ಹುಳವಿದೆ, ಎರಡನ್ನೂ ಒಂದೇ ಅಂದುಕೊಳ್ಳಬಾರದು. ಅದು ಕಪ್ಪು ತಲೆಯ ಹಸಿರು ಹುಳ. ಮೊಗ್ಗಿನ ಪಕ್ಕಕ್ಕೆ ದುಂಡನೆ ತೂತು ಕೊರೆಯುತ್ತದೆ, ಹತ್ತಿರದ ಮೊಗ್ಗುಗಳನ್ನು ನೂಲಿನಿಂದ ಹೆಣೆಯುತ್ತದೆ. ಆ ತೂತು, ನೂಲು ಫೋಟೋದಲ್ಲಿ ಹೊರಗಿನಿಂದಲೇ ಕಾಣುತ್ತವೆ. ಮಿಡ್ಜ್ ನೊಣದ ಮೊಗ್ಗಿನಲ್ಲಿ ಹಾಗೆ ತೂತು, ನೂಲು ಇರುವುದಿಲ್ಲ. ಅದಕ್ಕೇ ಸೀಳಬೇಕಾಗುವುದು.

ಈ ನೊಣದ ಬದುಕು ತಿಳಿದ ಮೇಲೆ ನನ್ನ ತಪ್ಪು ಗೊತ್ತಾಯಿತು. ನೊಣ ಎಳೆ ಮೊಗ್ಗಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಹುಳ ಒಳಗೇ ಸುಮಾರು ಒಂದು ವಾರ ತಿಂದು, ಮೊಗ್ಗು ಬೀಳುವ ಹೊತ್ತಿಗೆ ಹೊರಬಂದು ಮಣ್ಣಿಗೆ ಇಳಿದು ಕೋಶವಾಗುತ್ತದೆ. ಎರಡು ವಾರದಲ್ಲಿ ಮತ್ತೆ ನೊಣವಾಗಿ ಏಳುತ್ತದೆ. ಒಂದು ಸುತ್ತಿಗೆ ಮೂರು ನಾಲ್ಕು ವಾರ. ಹುಳ ಮೊಗ್ಗಿನೊಳಗೆ, ಕೋಶ ಮಣ್ಣಿನೊಳಗೆ. ನಾನು ಎಲೆಯ ಮೇಲೆ ಹೊಡೆದ ಔಷಧಿ ಎರಡನ್ನೂ ಮುಟ್ಟಲಿಲ್ಲ. ಕೋಶಕ್ಕೆ ಹಸಿ ಮಣ್ಣು ಬೇಕು, ಒಣಗಿದರೆ ಸಾಯುತ್ತದೆ. ದಿನಾ ನೀರು ಬಿಟ್ಟು ಆ ಹಸಿಯನ್ನು ನಾನೇ ಒದಗಿಸಿದ್ದೆ.

ಆಮೇಲೆ ಮಾಡಿದ್ದು ಮೂರು ಕೆಲಸ. ದಿನಾ ಬೆಳಿಗ್ಗೆ ಬಿದ್ದ ಮೊಗ್ಗು ಆರಿಸಿ, ಗಿಡದಲ್ಲಿ ಊದಿದ್ದನ್ನೂ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಒಂದು ವಾರ ಬಿಸಿಲಿಗೆ ಇಟ್ಟೆವು. ತಿಪ್ಪೆಗೆ ಹಾಕಲಿಲ್ಲ, ಹಾಕಿದರೆ ಹುಳ ಅಲ್ಲೇ ಮಣ್ಣಿಗಿಳಿಯುತ್ತದೆ. ಎರಡನೆಯದು, ದಾಸವಾಳದ ಮೊಗ್ಗನ್ನು ಚಿಕ್ಕದು ದೊಡ್ಡದು ಅನ್ನದೆ ನಾಲ್ಕು ವಾರ ಪೂರಾ ಕಿತ್ತೆವು. ಪೂಜೆಗೆ ಹೂವಿಲ್ಲ ಅಂತ ಮನೆಯವಳು ಬೇಜಾರು ಮಾಡಿಕೊಂಡಳು. ಆದರೆ ಮಲ್ಲಿಗೆ ಮೊಗ್ಗು ಇಲ್ಲದ ತಿಂಗಳಲ್ಲಿ ನೊಣಕ್ಕೆ ನೆಲೆ ಕೊಡುತ್ತಿದ್ದುದು ಅದೇ ಬೇಲಿ. ಮೂರನೆಯದು, ದಿನಾ ಬಿಡುತ್ತಿದ್ದ ನೀರು ನಿಲ್ಲಿಸಿ, ಮತ್ತೆ ಮೂರು ದಿನಕ್ಕೊಮ್ಮೆ ಸಮನಾಗಿ ಎಲ್ಲ ಸಾಲಿಗೂ ಮುಟ್ಟುವಂತೆ ಕೊಟ್ಟೆ. ನಡುವೆ ಪಾತಿಯ ಮೇಲಿನ ಎರಡು ಬೆರಳು ಮಣ್ಣು ಕೆದಕಿ ಒಣಗಲು ಬಿಟ್ಟೆ.

ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ಮಣ್ಣಿನಲ್ಲಿದ್ದ ನೊಣ ಏಳುತ್ತಲೇ ಇತ್ತು. ಆರನೇ ವಾರಕ್ಕೆ ಮೂರು ಕಿಲೋ ಬಂತು. ಕಂತು ತಡವಾಗಿ, ಬಡ್ಡಿ ಸೇರಿಸಿ ಕಟ್ಟಿದೆ. ಗಿಡ ಉಳಿಯಿತು. ಪಕ್ಕದ ಹೊಲದಲ್ಲೂ ಮಲ್ಲಿಗೆ ಇದ್ದರೆ ಅವರೂ ಆರಿಸಬೇಕು, ಇಲ್ಲದಿದ್ದರೆ ನೊಣ ಬೇಲಿ ದಾಟಿ ಬರುತ್ತದೆ.

ಫೋಟೋ ಬಗ್ಗೆ ಇನ್ನೊಂದು ಮಾತು. ಎರಡು ದಿನದ ಹಿಂದೆ ಬಿದ್ದ ಮೊಗ್ಗು ಸೀಳಿ, ಹುಳ ಇಲ್ಲ, ಇದು ನೀರಿನ ತೊಂದರೆ ಅಂತ ತೀರ್ಮಾನ ಮಾಡಬೇಡಿ. ಹುಳ ಆಗಲೇ ಮಣ್ಣಿಗೆ ಇಳಿದಿರುತ್ತದೆ. ಅಂದೇ ಬಿದ್ದದ್ದು ಅಥವಾ ಇನ್ನೂ ಗಿಡದಲ್ಲೇ ಇರುವ ಊದಿದ ಮೊಗ್ಗು ಸೀಳಿ. ಒಂದು ಮೊಗ್ಗು ನೋಡಿ ಹೇಳಲಾಗದು, ಇಪ್ಪತ್ತಾದರೂ ಬೇಕು. ಎಷ್ಟು ದಿನಕ್ಕೆ ನೀರು ಕೊಟ್ಟಿರಿ, ಏನು ಹೊಡೆದಿರಿ ಅನ್ನುವುದು ಯಾವ ಫೋಟೋದಲ್ಲೂ ಬರುವುದಿಲ್ಲ. ಅದನ್ನು ಚೀಟಿಯಲ್ಲಿ ಬರೆದು ಮೊಗ್ಗಿನ ಪಕ್ಕದಲ್ಲೇ ಇಟ್ಟು ಫೋಟೋ ತೆಗೆದರೆ ನೋಡುವವರಿಗೆ ಹೇಳುವುದು ಸುಲಭ.