ಹಳೆಯ ಫೋನಿಗೆ ಸಿಗುವ ನಿಜವಾದ ಬೆಲೆ ಎಷ್ಟು?



ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದಾಗ ನಿಮ್ಮ ಅಜ್ಜಿ ಹೇಗೆ ಚೌಕಾಸಿ ಮಾಡುತ್ತಿದ್ದರೆಂದು ಮನೆಯಲ್ಲಿ ಕೇಳಿ ನೋಡಿ. ‘ಸೀರೆಗೆ ಎಷ್ಟು ಕೊಡುತ್ತೀರಿ?’ ಎಂದು ಅವರು ಕೇಳುತ್ತಿರಲಿಲ್ಲ. ‘ಈ ಪಾತ್ರೆ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ?’ ಎಂದು ಮೊದಲು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಆನ್‌ಲೈನ್‌ನಲ್ಲಿ ಹಳೆಯ ಫೋನ್ ಕೊಟ್ಟು ಹೊಸದನ್ನು ಕೊಳ್ಳುವಾಗಲೂ ಕೇಳಬೇಕಾದ ಪ್ರಶ್ನೆ ಇದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಒಬ್ಬ ಪಿ.ಯು.ಸಿ. ವಿದ್ಯಾರ್ಥಿನಿ 16,000 ರೂಪಾಯಿಯ ಫೋನ್ ಕೊಳ್ಳಬೇಕೆಂದಿದ್ದಾಳೆ ಎನ್ನೋಣ. ಪರದೆಯ ಮೇಲೆ ‘ವಿನಿಮಯಕ್ಕೆ 11,000ದವರೆಗೆ’ ಎಂದಿದೆ. ಇಲ್ಲಿ ‘ವರೆಗೆ’ ಎಂಬ ಪದ ಮುಖ್ಯ. ಅದು ತೀರ ದುಬಾರಿ ಫೋನಿಗೆ ಸಿಗುವ ಮೊತ್ತ. ತನ್ನ ಮೂರು ವರ್ಷದ ಫೋನಿನ ಮಾದರಿ ಹಾಗೂ ಊರಿನ ಪಿನ್‌ಕೋಡ್ ನಮೂದಿಸಿದ ಮೇಲೆ ಅವಳಿಗೆ ಕಾಣುವುದು 3,500; ಅದರ ಜೊತೆಗೆ ವಿನಿಮಯ ಬೋನಸ್ 1,000. ಹಳೆಯದನ್ನು ಒಯ್ಯುವ ಶುಲ್ಕ 100. ಹಾಗಾದರೆ ಅವಳು ಕೈಯಿಂದ ಕೊಡಬೇಕಾದದ್ದು 11,600 ರೂಪಾಯಿ.

ಹಳೆಯ ಫೋನಿಗೆ 4,500 ಸಿಕ್ಕಿತೆಂದು ಅವಳು ಸಂತೋಷಪಡಬಹುದೇ? ಸ್ವಲ್ಪ ತಾಳಿ. ತಂದೆಯವರ ಬ್ಯಾಂಕ್ ಕಾರ್ಡಿಗೆ 1,500ರ ರಿಯಾಯಿತಿ ಉಂಟು. ಆದರೆ ವಿನಿಮಯ ಆರಿಸಿದರೆ ಅದು ಸಿಗದೆಂದು ಷರತ್ತಿನಲ್ಲಿ ಬರೆದಿದೆ. ವಿನಿಮಯವಿಲ್ಲದೆ ಕೊಂಡರೆ 14,500. ಇದರಿಂದ 11,600 ಕಳೆಯಿರಿ: ಉಳಿಯುವುದು 2,900. ಅವಳ ಹಳೆಯ ಫೋನಿಗೆ ಸಿಕ್ಕ ನಿಜವಾದ ಬೆಲೆ ಇದು.

ನಂಜನಗೂಡಿನ ಅಂಗಡಿಯವರು ಅದೇ ಫೋನಿಗೆ 3,300 ಕೊಡುತ್ತಾರೆ ಎನ್ನಿ. ಹೋಗಿಬರುವ ಖರ್ಚು 100 ಕಳೆದರೂ ಅಲ್ಲಿ ಮಾರುವುದರಿಂದ 300 ಲಾಭ. ಆದರೆ ಮನೆಯಲ್ಲಿ ಆ ಕಾರ್ಡೇ ಇಲ್ಲದಿದ್ದರೆ? ಆಗ 16,000ದಿಂದ 11,600 ಕಳೆದು, ನಿಜವಾದ ಬೆಲೆ 4,400 ಆಗುತ್ತದೆ, ವಿನಿಮಯವೇ ಮೇಲು. ಫೋನ್ ಅದೇ, ಪರದೆಯ ಮೇಲಿನ ಅಂಕಿಯೂ ಅದೇ. ಉತ್ತರ ಮಾತ್ರ ಬೇರೆ. ಇನ್ನೊಬ್ಬ ಮಾರಾಟಗಾರ ಅದೇ ಹೊಸ ಫೋನನ್ನು ಇನ್ನೂ ಕಡಿಮೆಗೆ ಕೊಡುತ್ತಿದ್ದರೆ, ಆ ಕಡಿಮೆ ಬೆಲೆಯಿಂದಲೇ ಲೆಕ್ಕ ಆರಂಭಿಸಬೇಕು.

ತೆರಿಗೆ ಇಲಾಖೆ ಲೆಕ್ಕ ಹಾಕುವುದೂ ಹೀಗೆಯೇ. 2017ರ ಕೇಂದ್ರ ಜಿ.ಎಸ್.ಟಿ. ನಿಯಮಾವಳಿಯ 27ನೇ ನಿಯಮದಲ್ಲಿ ಫೋನಿನದ್ದೇ ಉದಾಹರಣೆ ಇದೆ: ಹಳೆಯ ಫೋನ್ ಪಡೆದು ಹೊಸದನ್ನು 20,000ಕ್ಕೆ ಕೊಟ್ಟರೂ, ವಿನಿಮಯವಿಲ್ಲದ ಬೆಲೆ 24,000 ಆಗಿದ್ದರೆ ಹೊಸ ಫೋನಿನ ಮೌಲ್ಯ 24,000 ಎಂದೇ ಪರಿಗಣಿಸಬೇಕು.

ವಿನಿಮಯದ ಬೆಲೆ ಅಂಗಡಿಯ ಬೆಲೆಗಿಂತ ಕಡಿಮೆ ಏಕಿರುತ್ತದೆ? ಹಳೆಯ ಫೋನನ್ನು ಹಳ್ಳಿಯಿಂದ ಸಾಗಿಸಿ, ಪರೀಕ್ಷಿಸಿ, ದುರಸ್ತಿ ಮಾಡಿ ಮತ್ತೆ ಮಾರಬೇಕು; ಆ ಖರ್ಚು ಮೊದಲೇ ಕಳೆದಿರುತ್ತದೆ. ಇನ್ನೊಂದು ಕಾರಣವೂ ಉಂಟು. ಒಂದು ಮಾದರಿಗೆ ಒಂದೇ ಬೆಲೆ ಕಟ್ಟುವ ಕಡೆ ಆ ಬೆಲೆ ಸರಾಸರಿ ಸ್ಥಿತಿಯ ಫೋನಿನದು. ಗೀರೊಂದೂ ಇಲ್ಲದೆ, ಬ್ಯಾಟರಿ ಚೆನ್ನಾಗಿದ್ದು, ಬಿಲ್ಲು ಪೆಟ್ಟಿಗೆ ಸಮೇತ ಇರುವ ಫೋನಿಗೆ ಅಲ್ಲಿ ಅನ್ಯಾಯವಾಗುತ್ತದೆ. ಅದನ್ನು ಬಿಡಿಯಾಗಿ ಮಾರುವುದೇ ಲೇಸು. ಬ್ಯಾಟರಿ ಬೇಗ ಇಳಿಯುವ, ಆದರೆ ಪರದೆ ಒಡೆಯದ ಫೋನಿಗೆ ವಿನಿಮಯವೇ ಲಾಭ.

ಕೊನೆಯ ಪರೀಕ್ಷೆ ನಡೆಯುವುದು ಮನೆ ಬಾಗಿಲಲ್ಲಿ. ನನಗೊಮ್ಮೆ ಆದ ಅನುಭವ ಹೇಳುತ್ತೇನೆ. ಹೊಸ ಫೋನ್ ತಂದ ಹುಡುಗ ನನ್ನ ಹಳೆಯದನ್ನು ಬೆಳಕಿಗೆ ಹಿಡಿದು, ಮೂಲೆಯ ಕೂದಲೆಳೆಯಂಥ ಬಿರುಕು ತೋರಿಸಿ, ‘ಸಾರ್, ಇದು ಆಗಲ್ಲ’ ಎಂದ. ಷರತ್ತು ಓದದೆ ‘ಬಿರುಕಿಲ್ಲ’ ಎಂದು ಗುರುತು ಹಾಕಿದ್ದವನು ನಾನೇ. ಹೀಗಾದಾಗ ಕೆಲವು ಕಡೆ ವ್ಯತ್ಯಾಸದ ಹಣ ಕಟ್ಟಬೇಕು, ಕೆಲವು ಕಡೆ ಆದೇಶವೇ ರದ್ದಾಗುತ್ತದೆ. ಆದ್ದರಿಂದ ಆದೇಶ ಕೊಡುವ ಮೊದಲೇ ಕವಚ ಮತ್ತು ಪರದೆಯ ಮೇಲಿನ ಗಾಜಿನ ಹೊದಿಕೆ ತೆಗೆದು ನೋಡಿ. *#06# ಒತ್ತಿದರೆ ಬರುವ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆಯನ್ನೇ ನಮೂದಿಸಿ, ಎರಡು ಸಿಮ್ಮಿನ ಫೋನಿಗೆ ಇಂಥ ಎರಡು ಸಂಖ್ಯೆ ಇರುತ್ತವೆ.

ಫೋನ್ ಕೊಡುವ ದಿನ ಚಿತ್ರಗಳನ್ನು ಬೇರೆಡೆ ಉಳಿಸಿಕೊಂಡು, ಮೊದಲು ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು, ಆಮೇಲೆ ಎಲ್ಲವನ್ನೂ ಅಳಿಸಿ. ಖಾತೆ ಬಿಡಿಸದೆ ಅಳಿಸಿದರೆ ಫೋನ್ ಬೀಗ ಹಾಕಿಕೊಂಡೇ ಉಳಿಯಬಹುದು, ಹಾಗಾದರೆ ಅದನ್ನು ಯಾರೂ ಸ್ವೀಕರಿಸುವುದಿಲ್ಲ. ಐ.ಎಂ.ಇ.ಐ. ನಮೂದಾದ ವಿನಿಮಯದ ರಸೀದಿಯನ್ನು ಜೋಪಾನವಾಗಿಡಿ. ಮುಂದೆ ಆ ಫೋನ್ ಯಾರ ಕೈಯಲ್ಲಿ ಏನಾದರೂ, ಅದು ನಿಮ್ಮ ಕೈಬಿಟ್ಟ ದಿನಕ್ಕೆ ಆ ಕಾಗದವೇ ಸಾಕ್ಷಿ.