ಆರು ಬದಿಯ ಮನೆಗಳ ಲೆಕ್ಕಾಚಾರ

2010ರಲ್ಲಿ 'ಸಿವಿಲೈಸೇಶನ್ 5' ಬಿಡುಗಡೆಯಾದಾಗ ಹಳೆಯ ಆಟಗಾರರ ಕಣ್ಣಿಗೆ ಮೊದಲು ಬಿದ್ದದ್ದು ಅದರ ನೆಲ. 1991ರಲ್ಲಿ ಶುರುವಾದ ಈ ಸರಣಿಯ ಮೊದಲ ನಾಲ್ಕು ಆಟಗಳಲ್ಲೂ ಭೂಪಟವೆಂದರೆ ಚೌಕದ ಮನೆಗಳೇ. ಐದನೆಯದರಲ್ಲಿ ಚೌಕಗಳು ಹೋಗಿ ಷಟ್ಕೋನಗಳು ಬಂದವು. ಮುಖ್ಯ ವಿನ್ಯಾಸಕ ಜಾನ್ ಶೇಫರ್ ಇದಕ್ಕೆ ಪ್ರೇರಣೆ ಪಡೆದದ್ದು 1994ರ 'ಪ್ಯಾಂಜರ್ ಜನರಲ್' ಆಟದಿಂದ. ಷಟ್ಕೋನಗಳ ಹಾಸು ಅದಕ್ಕಿಂತಲೂ ಹಳೆಯದು. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ತಂದ 'ಟ್ಯಾಕ್ಟಿಕ್ಸ್' ಯುದ್ಧದಾಟದ ರಟ್ಟಿನ ಹಾಸಿನಲ್ಲಿ ಚೌಕಗಳಿದ್ದವು. ಅವರು ಕಟ್ಟಿದ ಅವಲಾನ್ ಹಿಲ್ ಕಂಪನಿ 1961ರಲ್ಲಿ 'ಗೆಟಿಸ್‌ಬರ್ಗ್' ಆಟವನ್ನು ಷಟ್ಕೋನಗಳ ಹಾಸಿನ ಮೇಲೆ ಹೊರತಂದಿತು.

ಚೌಕದ ಮನೆಗಳಿಗೆ ಏನು ಕೊರತೆ? ಮೂಲೆಯ ನಡೆಯೇ ಕೊರತೆ. ಪಕ್ಕದ ಮನೆಯ ನಡುಬಿಂದು ಒಂದು ಅಳತೆ ದೂರದಲ್ಲಿದ್ದರೆ, ಮೂಲೆಗೆ ತಾಗಿದ ಮನೆಯ ನಡುಬಿಂದು ಸುಮಾರು 1.41 ಅಳತೆ ದೂರದಲ್ಲಿರುತ್ತದೆ. ಎರಡಕ್ಕೂ ಒಂದೇ ನಡೆ ಎಂದರೆ ಓರೆಯಾಗಿ ಸಾಗುವ ಸೈನ್ಯ ಅಷ್ಟೇ ನಡೆಗಳಲ್ಲಿ ಶೇ. 41ರಷ್ಟು ಹೆಚ್ಚು ನೆಲ ದಾಟಿಬಿಡುತ್ತದೆ. ಮೂಲೆಯ ನಡೆ ಬೇಡವೆಂದರೆ ಕಣ್ಣೆದುರಿಗೇ ಇರುವ ಜಾಗಕ್ಕೆ ಸುತ್ತು ಹಾಕಬೇಕು. ಷಟ್ಕೋನದಲ್ಲಿ ಈ ತಕರಾರೇ ಇಲ್ಲ. ಪ್ರತಿ ಮನೆಗೂ ಆರು ನೆರೆಮನೆಗಳು, ಆರೂ ಒಂದೇ ದೂರದಲ್ಲಿ, ಪ್ರತಿಯೊಂದರ ಜೊತೆಗೂ ಒಂದು ಪೂರ್ತಿ ಬದಿ ಹಂಚಿಕೆಯಾಗಿರುತ್ತದೆ. ಬರೀ ಮೂಲೆ ತಾಗುವ ಮನೆ ಎಂಬುದೇ ಇರುವುದಿಲ್ಲ.

ಆಡುವವರಿಗೆ ಇದು ಅನುಕೂಲ. ಆಟವನ್ನು ಬರೆಯುವವರಿಗೆ ಮಾತ್ರ ತೊಡಕು ಇಲ್ಲಿಂದಲೇ ಶುರು. ಬಿಲ್ಲುಗಾರನ ಬಾಣ ಎಲ್ಲಿಯವರೆಗೆ ಹೋಗುತ್ತದೆ, ಕುದುರೆ ಸವಾರ ಈ ಸರದಿಯಲ್ಲಿ ಯಾವ ಮನೆ ತಲುಪಬಲ್ಲ, ಊರಿನ ಸುತ್ತ ಯಾವ ಹೊಲಗಳು ಅದರ ಪಾಲಿಗೆ ಬರುತ್ತವೆ ಎಂಬುದನ್ನೆಲ್ಲ ಕಂಪ್ಯೂಟರ್ ಅಂಕಿಗಳಿಂದ ತಿಳಿಯಬೇಕು. ಅದಕ್ಕೆ ಮೊದಲು ಪ್ರತಿ ಮನೆಗೂ ಒಂದು ವಿಳಾಸ ಬೇಕು.

ಎಲ್ಲರಿಗೂ ಮೊದಲು ಹೊಳೆಯುವುದು ಕಾಲಂ ಮತ್ತು ಸಾಲಿನ ಲೆಕ್ಕ. ಮನೆಗಳನ್ನು ಸಾಲಾಗಿ ಜೋಡಿಸಿ, ಸಾಲುಗಳಿಗೆ 0, 1, 2, 3 ಎಂದು ಸಂಖ್ಯೆ ಕೊಟ್ಟು, ಬೆಸ ಸಂಖ್ಯೆಯ ಸಾಲುಗಳನ್ನು ಅರ್ಧ ಮನೆಯಷ್ಟು ಬಲಕ್ಕೆ ಸರಿಸಿದರೆ ಷಟ್ಕೋನಗಳು ಸರಿಯಾಗಿ ಕೂರುತ್ತವೆ. ನಕ್ಷೆಯನ್ನು ನೆನಪಿನಲ್ಲಿ ಇಡಲು ಈ ವಿಧಾನ ಚೆನ್ನಾಗಿಯೇ ಇದೆ. ಆದರೆ ನೆರೆಮನೆ ಹುಡುಕಲು ಹೊರಟ ಕೂಡಲೇ ನಿಯಮ ಎರಡಾಗಿ ಒಡೆಯುತ್ತದೆ. ಸಮ ಸಾಲಿನ ಮನೆಗೆ ಮೇಲಿನ ಇಬ್ಬರು ನೆರೆಯವರು ಅದೇ ಕಾಲಂನಲ್ಲಿ ಮತ್ತು ಒಂದು ಕಾಲಂ ಹಿಂದೆ ಇರುತ್ತಾರೆ. ಬೆಸ ಸಾಲಿನ ಮನೆಗಾದರೆ ಅದೇ ಕಾಲಂನಲ್ಲಿ ಮತ್ತು ಒಂದು ಕಾಲಂ ಮುಂದೆ. ಪ್ರತಿ ಸಲವೂ ಇದು ಸಮ ಸಾಲೋ ಬೆಸ ಸಾಲೋ ಎಂದು ಕೇಳಿಯೇ ಮುಂದೆ ಹೋಗಬೇಕು.

ದೂರದ ಲೆಕ್ಕದಲ್ಲಿ ತಪ್ಪು ಇನ್ನೂ ನವಿರಾಗಿ ನುಸುಳುತ್ತದೆ. ಒಬ್ಬ ಬಿಲ್ಲುಗಾರ 3ನೇ ಕಾಲಂ, 2ನೇ ಸಾಲಿನ ಮನೆಯಲ್ಲಿದ್ದಾನೆ ಎನ್ನೋಣ. ಅವನ ಬಾಣ ಮೂರು ಮನೆ ದೂರ ಹೋಗುತ್ತದೆ. ಕೆಳಗೆ 5ನೇ ಸಾಲಿನಲ್ಲಿ ಇಬ್ಬರು ಶತ್ರುಗಳು: ಒಬ್ಬ ಬಲಕ್ಕೆ 5ನೇ ಕಾಲಂನಲ್ಲಿ, ಇನ್ನೊಬ್ಬ ಎಡಕ್ಕೆ 1ನೇ ಕಾಲಂನಲ್ಲಿ. ಅಂಕಿಗಳಲ್ಲಿ ಇಬ್ಬರೂ ಎರಡು ಕಾಲಂ, ಮೂರು ಸಾಲು ದೂರ. ಚೌಕದ ಹಾಸಿನ ರೂಢಿಯಂತೆ ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡರೆ ಇಬ್ಬರಿಗೂ ಉತ್ತರ ಮೂರು. ಕಾಗದದ ಮೇಲೆ ಬೆರಳಿಟ್ಟು ಎಣಿಸಿದರೆ ಬೇರೆಯೇ ಕಾಣುತ್ತದೆ. ಎಡಗಡೆಯವನಿಗೆ ಮೂರು ಹೆಜ್ಜೆ ಸಾಕು. ಬಲಗಡೆಯವನತ್ತ ಮೂರು ಹೆಜ್ಜೆ ಓರೆಯಾಗಿ ಇಳಿದರೆ 4ನೇ ಕಾಲಂಗೆ ಬಂದು ನಿಲ್ಲುತ್ತೇವೆ. ಅವನಿಗೆ ನಾಲ್ಕು ಹೆಜ್ಜೆ ಬೇಕು. ಈ ಸೂತ್ರ ಬಳಸಿದ ಆಟದಲ್ಲಿ ಬಾಣ ಬಲಕ್ಕೆ ಒಂದು ಮನೆ ಹೆಚ್ಚು ಹಾರಿಬಿಡುತ್ತದೆ. ಬಿಲ್ಲುಗಾರನನ್ನು ಒಂದು ಸಾಲು ಕೆಳಗೆ, 3ನೇ ಸಾಲಿಗೆ ಇಳಿಸಿ ಶತ್ರುಗಳನ್ನೂ 6ನೇ ಸಾಲಿಗೆ ಇಳಿಸಿದರೆ ತಪ್ಪು ಬಲದಿಂದ ಎಡಕ್ಕೆ ಜಿಗಿಯುತ್ತದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕಾಣಿಸಿಕೊಳ್ಳುವ ಕಾರಣ ಇದನ್ನು ಪತ್ತೆ ಹಚ್ಚುವುದು ಕಷ್ಟ.

ಇದಕ್ಕೆ ಪರಿಹಾರ ಮೂರನೆಯ ಸಂಖ್ಯೆ. ಷಟ್ಕೋನಗಳ ಹಾಸನ್ನು ದಿಟ್ಟಿಸಿ ನೋಡಿದರೆ ಮನೆಗಳು ಮೂರು ದಿಕ್ಕಿಗೆ ನೇರ ಸಾಲುಗಟ್ಟಿರುವುದು ಕಾಣುತ್ತದೆ: ಅಡ್ಡಕ್ಕೆ, ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಮತ್ತು ಮೇಲಿನ ಬಲದಿಂದ ಕೆಳಗಿನ ಎಡಕ್ಕೆ. ಅಡ್ಡ ಸಾಲಿನ ಸಂಖ್ಯೆಯನ್ನು `r` ಎನ್ನುತ್ತಾರೆ. ಬಲಕ್ಕೆ ಇಳಿಯುವ ಓರೆ ಸಾಲಿನದು `q`, ಎಡಕ್ಕೆ ಇಳಿಯುವುದು `s`. ಸೊನ್ನೆಯ ಮನೆಯೊಂದನ್ನು ಗೊತ್ತು ಮಾಡಿ ಎಣಿಸಿದರೆ ಎಲ್ಲ ಮನೆಯಲ್ಲೂ ಈ ಮೂರನ್ನು ಕೂಡಿದಾಗ ಸೊನ್ನೆಯೇ ಬರುತ್ತದೆ. ಹಾಗಾಗಿ ಎರಡು ಗೊತ್ತಿದ್ದರೆ ಮೂರನೆಯದನ್ನು ಬರೆದಿಡಬೇಕಿಲ್ಲ, ಬೇಕಾದಾಗ ಕಂಡುಕೊಳ್ಳಬಹುದು. ಆಟ ಬರೆಯುವವರ ನಡುವೆ ಈ ಪದ್ಧತಿ ಮನೆಮಾತಾಗಲು ಬಹುಪಾಲು ಕಾರಣ 'ರೆಡ್ ಬ್ಲಾಬ್ ಗೇಮ್ಸ್' ಹೆಸರಿನಲ್ಲಿ ಬರೆಯುವ ಅಮಿತ್ ಪಟೇಲ್. ಅವರು 2013ರಲ್ಲಿ ಪ್ರಕಟಿಸಿದ ಷಟ್ಕೋನಗಳ ಕೈಪಿಡಿಯಲ್ಲಿ ಚಿತ್ರಗಳ ಮೇಲೆ ಮೌಸ್ ಆಡಿಸಿದರೆ ಅಂಕಿಗಳು ಬದಲಾಗುವುದನ್ನು ಕಣ್ಣಾರೆ ನೋಡಬಹುದು.

ಮೂರು ಸಂಖ್ಯೆಗಳಿದ್ದರೆ ನೆರೆಮನೆಯ ನಿಯಮ ಒಂದೇ. ಯಾವ ಮನೆಯಿಂದ ಯಾವ ನೆರೆಗೆ ಹೋದರೂ ಮೂರರಲ್ಲಿ ಒಂದು ಸಂಖ್ಯೆ ಒಂದು ಏರುತ್ತದೆ, ಇನ್ನೊಂದು ಒಂದು ಇಳಿಯುತ್ತದೆ, ಮತ್ತೊಂದು ಹಾಗೇ ಇರುತ್ತದೆ. ಬಲಕ್ಕೆ ಹೋದರೆ `q` ಏರಿ `s` ಇಳಿಯುತ್ತದೆ. ಕೆಳಗಿನ ಎಡಕ್ಕೆ ಹೋದರೆ `r` ಏರಿ `q` ಇಳಿಯುತ್ತದೆ. ಹೀಗೆ ಆಗಬಹುದಾದ ಬಗೆಗಳು ಆರೇ. ಸಮ ಸಾಲು, ಬೆಸ ಸಾಲು ಎಂಬ ಪ್ರಶ್ನೆ ಏಳುವುದಿಲ್ಲ.

ದೂರದ ಸೂತ್ರವೂ ಇದರಿಂದಲೇ ಹುಟ್ಟುತ್ತದೆ. ಒಂದು ಹೆಜ್ಜೆಗೆ ಎರಡು ಸಂಖ್ಯೆಗಳು ಒಂದೊಂದು ಬದಲಾಗುವುದರಿಂದ ಪ್ರತಿ ಹೆಜ್ಜೆಯ ಒಟ್ಟು ಬದಲಾವಣೆ ಎರಡು. ಆದ್ದರಿಂದ ಎರಡು ಮನೆಗಳ ಮೂರೂ ಸಂಖ್ಯೆಗಳ ವ್ಯತ್ಯಾಸವನ್ನು ಚಿಹ್ನೆ ಬಿಟ್ಟು ಕೂಡಿ, ಅರ್ಧ ಮಾಡಿದರೆ ಹೆಜ್ಜೆಗಳ ಲೆಕ್ಕ ಸಿಗುತ್ತದೆ.

```
function distance(a, b) {
  const dq = a.q - b.q;
  const dr = a.r - b.r;
  return (Math.abs(dq) + Math.abs(dr) + Math.abs(dq + dr)) / 2;
}
```

ಕೊನೆಯ `dq + dr` ಎಂಬುದು `s` ವ್ಯತ್ಯಾಸದ ಅಳತೆಯೇ. ಮೂರರ ಮೊತ್ತ ಸೊನ್ನೆಯಾದ್ದರಿಂದ `s` ಬರೆಯದೆಯೂ ಅದು ದಕ್ಕುತ್ತದೆ.

ಈಗ ಬಿಲ್ಲುಗಾರನನ್ನು ಈ ಲೆಕ್ಕಕ್ಕೆ ತರಬಹುದು. ಓರೆ ಸಾಲು ಎರಡು ಸಾಲು ಇಳಿಯುವಷ್ಟರಲ್ಲಿ ಒಂದು ಕಾಲಂ ಬಲಕ್ಕೆ ಸರಿಯುತ್ತದೆ. ಹಾಗಾಗಿ ಕಾಲಂ ಸಂಖ್ಯೆಯಿಂದ ಸಾಲಿನ ಅರ್ಧವನ್ನು, ಬೆಸ ಸಾಲಿದ್ದರೆ ಒಂದನ್ನು ಬಿಟ್ಟು ಉಳಿದುದರ ಅರ್ಧವನ್ನು, ಕಳೆದರೆ `q` ಸಿಗುತ್ತದೆ. ಸಾಲಿನ ಸಂಖ್ಯೆಯೇ `r`. ಬಿಲ್ಲುಗಾರನ ವಿಳಾಸ 2, 2, -4 ಆಗುತ್ತದೆ. ಬಲಗಡೆಯ ಶತ್ರುವಿನದು 3, 5, -8. ವ್ಯತ್ಯಾಸಗಳು 1, 3, 4. ಕೂಡಿದರೆ 8, ಅರ್ಧ 4. ಎಡಗಡೆಯವನ ವಿಳಾಸ -1, 5, -4. ವ್ಯತ್ಯಾಸಗಳು 3, 3, 0. ಕೂಡಿದರೆ 6, ಅರ್ಧ 3. ಬೆರಳಿಟ್ಟು ಎಣಿಸಿದ್ದೂ ಇದೇ. ಎಡಗಡೆಯವನ `s` ಬಿಲ್ಲುಗಾರನದ್ದೇ ಆಗಿರುವುದು ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಅವನು ನೇರ ಓರೆ ಸಾಲಿನಲ್ಲಿ ನಿಂತಿದ್ದಾನೆ.

ಒಂದು ಮನೆಯಿಂದ ಇಂತಿಷ್ಟು ದೂರದೊಳಗಿನ ಎಲ್ಲ ಮನೆಗಳನ್ನು ಪಟ್ಟಿ ಮಾಡುವುದು ಮುಂದಿನ ಕೆಲಸ. ಆ ದೂರ `N` ಎಂದಾದರೆ ಮೂರು ಸಂಖ್ಯೆಗಳಲ್ಲಿ ಯಾವುದರ ವ್ಯತ್ಯಾಸವೂ `N` ಮೀರಬಾರದು. ಅಡ್ಡಕ್ಕೊಂದು, ಎರಡು ಓರೆಗೆ ಒಂದೊಂದು, ಹೀಗೆ ಮೂರು ಅಗಲ ಪಟ್ಟಿಗಳು ಒಂದರ ಮೇಲೊಂದು ಹಾಯುವ ಜಾಗವೇ ಬೇಕಾದ ವ್ಯಾಪ್ತಿ.

```
for q = -N .. N
  for r = max(-N, -q-N) .. min(N, -q+N)
    add (center.q + q, center.r + r)
```

`N` ಎರಡಾದರೆ ಈ ಲೆಕ್ಕ 3, 4, 5, 4, 3 ಮನೆಗಳ ಐದು ಸಾಲು ಕೊಡುತ್ತದೆ. ನಡುಮನೆಯೂ ಸೇರಿ 19. ಮೂರಾದರೆ 37. 'ಸಿವಿಲೈಸೇಶನ್ 5'ರಲ್ಲಿ ಊರೊಂದು ದುಡಿಸಿಕೊಳ್ಳಬಹುದಾದ ನೆಲ ಮೂರು ಮನೆ ದೂರದವರೆಗೆ ಹಬ್ಬುತ್ತದೆ, ಅಂದರೆ ಊರನ್ನು ಬಿಟ್ಟು 36 ಮನೆ. ಯಾವುದೇ ದೂರಕ್ಕೂ ಒಟ್ಟು ಮನೆಗಳು `3N(N+1)+1`. ತಪ್ಪು ಹಿಡಿಯಲು ಇದು ಒಳ್ಳೆಯ ಒರೆಗಲ್ಲು. ಬರೆಯುವವರು `s` ಮರೆತು `q`, `r` ಎರಡನ್ನೇ `-N`ನಿಂದ `N`ವರೆಗೆ ಓಡಿಸಿದರೆ ಎರಡು ಮನೆ ದೂರಕ್ಕೆ 19ರ ಬದಲು 25 ಮನೆ ಬರುತ್ತವೆ. ಪರದೆಯ ಮೇಲೆ ಷಟ್ಕೋನಾಕಾರದ ಬದಲು ವಾಲಿದ ಚೌಕ ಕಾಣುತ್ತದೆ. ಎದುರುಬದುರಿನ ಎರಡು ಮೂಲೆಗಳಲ್ಲಿ ಮೂರು ಮೂರು ಮನೆಗಳು ಹೆಚ್ಚಾಗಿ ಅಂಟಿಕೊಂಡಿರುತ್ತವೆ.

ಇಷ್ಟೆಲ್ಲ ಲೆಕ್ಕವೂ ಬಯಲಿಗೆ ಸರಿ. ದಾರಿಯಲ್ಲಿ ಬೆಟ್ಟ ಅಡ್ಡ ಬಂದರೆ ದೂರವೇ ಬೇರೆ, ನಡಿಗೆಯೇ ಬೇರೆ. ಎರಡು ಹೆಜ್ಜೆಯ ಕಾಲಾಳಿನ ಬಲ ಮಗ್ಗುಲಿಗೇ ದಾಟಲಾಗದ ಬೆಟ್ಟವಿದೆ ಎನ್ನೋಣ. ಬೆಟ್ಟದ ಆಚೆಗಿನ ಮನೆ ಸೂತ್ರದ ಪ್ರಕಾರ ಎರಡೇ ಹೆಜ್ಜೆ. ಆದರೆ ಅಲ್ಲಿಗೆ ಎರಡು ಹೆಜ್ಜೆಯ ಒಂದೇ ದಾರಿ ಇದ್ದು, ಅದು ಬೆಟ್ಟದ ಮೇಲೆಯೇ ಹೋಗುತ್ತದೆ. ಬಳಸಿ ಹೋದರೆ ಮೂರು ಹೆಜ್ಜೆ. ಸುತ್ತಲಿನ 18 ಮನೆಗಳಲ್ಲಿ ಬೆಟ್ಟವೂ ಅದರ ಬೆನ್ನಿನ ಮನೆಯೂ ಕೈತಪ್ಪಿ 16 ಮಾತ್ರ ಉಳಿಯುತ್ತವೆ.

ಹಾಗಾಗಿ ನಡಿಗೆಗೆ ಸೂತ್ರದ ಬದಲು ಹರಡುವಿಕೆಯ ಲೆಕ್ಕ ಬೇಕು. ನಿಂತ ಮನೆಯಿಂದ ಶುರು ಮಾಡಿ, ಕಾಲಿಡಬಹುದಾದ ನೆರೆಮನೆಗಳಿಗೆಲ್ಲ 1 ಎಂದು ಬರೆಯುವುದು. ಆಮೇಲೆ ಅವುಗಳ ನೆರೆಯಲ್ಲಿ ಇನ್ನೂ ಅಂಕಿ ಬೀಳದವಕ್ಕೆ 2 ಎಂದು ಬರೆಯುವುದು. ಹೆಜ್ಜೆಗಳು ಮುಗಿಯುವವರೆಗೆ ಹೀಗೇ ಮುಂದುವರಿಯುವುದು. 'ಸಿವಿಲೈಸೇಶನ್ 5'ರ ಗುಡ್ಡ, ಕಾಡುಗಳಂತೆ ಕೆಲವು ಮನೆಗಳು ಎರಡು ಹೆಜ್ಜೆಯ ಖರ್ಚು ಕೇಳಿದರೆ ಇದೂ ಸಾಲದು. ಕಡಿಮೆ ಮನೆಗಳ ದಾರಿಯೇ ದುಬಾರಿಯಾಗಬಹುದು. ಆಗ ಎಷ್ಟು ಮನೆ ದಾಟಿದೆವು ಎನ್ನುವುದರ ಬದಲು ಈವರೆಗಿನ ಖರ್ಚು ಯಾವುದಕ್ಕೆ ಕಡಿಮೆಯೋ ಆ ಮನೆಯನ್ನೇ ಮೊದಲು ಎತ್ತಿಕೊಂಡು ಹರಡಬೇಕು. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನ ಇದು.

ದೂರದ ಸೂತ್ರಕ್ಕೂ ಒಂದು ಎಲ್ಲೆ ಇದೆ. ಭೂಗೋಳದಂತೆ ಪೂರ್ವದ ಅಂಚು ಪಶ್ಚಿಮದ ಅಂಚಿಗೆ ಕೂಡಿಕೊಳ್ಳುವ ನಕ್ಷೆಗಳಲ್ಲಿ ಅದು ಎಡವುತ್ತದೆ. 80 ಕಾಲಂಗಳ ಅಂಥ ನಕ್ಷೆಯಲ್ಲಿ ಒಂದೇ ಸಾಲಿನ 79ನೇ ಮತ್ತು 1ನೇ ಕಾಲಂಗಳ ನಡುವೆ ಸೂತ್ರ 78 ಎನ್ನುತ್ತದೆ. ಅಂಚು ದಾಟಿದರೆ ಇರುವುದು ಎರಡೇ ಹೆಜ್ಜೆ. ಹೊಲಿಗೆಯ ಆಚೆಗಿರುವ ಶತ್ರು ಪಕ್ಕದಲ್ಲೇ ಕಾಣುತ್ತಿದ್ದರೂ ಬಾಣ ಬಿಡಲಾಗದಿದ್ದರೆ ಕಾರಣ ಇಲ್ಲೇ ಇರುತ್ತದೆ. ಸರಿಪಡಿಸುವುದು ಸುಲಭ. ಗುರಿಯ `q`ವನ್ನು ಇದ್ದಂತೆ ಒಮ್ಮೆ, 80 ಕೂಡಿ ಒಮ್ಮೆ, 80 ಕಳೆದು ಒಮ್ಮೆ ಇಟ್ಟು ಮೂರು ಸಲ ದೂರ ಲೆಕ್ಕ ಹಾಕಿ, ಬಂದ ಮೂರರಲ್ಲಿ ಚಿಕ್ಕದನ್ನು ತೆಗೆದುಕೊಳ್ಳಬೇಕು.